ಮಿರ್ಚಿ ಒಂಟೆ

ಹೊಸಪೇಟೆಯ ಬಸ್ ಸ್ಟ್ಯಾಂಡ್ ಹಿಂದಿನ ಜಂಬುನಾಥನ ಮಿರ್ಚಿ ಅಂಗಡಿಗೆ ಈಶ್ವರ್ ಹದಿನಾರು ವರ್ಷದಿಂದ ಬರುತ್ತಿದ್ದಾನೆ. ಅಷ್ಟೂ ವರ್ಷ ಅಲ್ಲಿನ ಚೆಸ್ ಆಟವನ್ನು ನೋಡಿ ಅಸಹ್ಯಪಟ್ಟುಕೊಂಡಿದ್ದಾನೆ. ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ವೈರಿನ ಎರಡೂ ತುದಿ ನೋಡದೆ ಕೈ ಹಾಕದ ಮನುಷ್ಯ.

ಅವನಿಗೆ ಹೇಸಿಗೆ ತರಿಸಿದ್ದು ಅಂಗಡಿಯ ಒಂದು ಪದ್ಧತಿ. ಆನೆಯನ್ನು ಪಕ್ಕಕ್ಕೆ ಕರೆದುಕೊಂಡು ಕ್ಯಾಸ್ಲಿಂಗ್ ಮಾಡಿ ಮೂಲೆಗೆ ಸೇರಿದ ಕರಿ ರಾಜನ ಮುಂದೆ ಎಚ್-7ನೇ ಮನೆಯಲ್ಲಿ ಒಂದು ಪೇದೆ ಇರುತ್ತದಲ್ಲ, ಅದನ್ನು ಒಂಟೆಯಿಂದ ಹೊಡೆದು, ಒಂಟೆ ಬಲಿ ಕೊಟ್ಟು ಗೆದ್ದವನಿಗೆ ಜಂಬುನಾಥ ಒಂದು ಪ್ಲೇಟ್ ಮಿರ್ಚಿ ಪುಕ್ಕಟೆ ಕೊಡುತ್ತಿದ್ದ. ಪುಸ್ತಕದಲ್ಲಿ ಅದಕ್ಕೆ ಗ್ರೀಕ್ ಗಿಫ್ಟ್ ಅಂತ ಹೆಸರು. ಅಂಗಡಿಯಲ್ಲಿ ಮಿರ್ಚಿ ಒಂಟೆ. ಎಣ್ಣೆ ಕೈಯಲ್ಲೇ ಕಾಯಿ ಹಿಡಿದು, ಹಿಂದೆಮುಂದೆ ನೋಡದೆ ಎಲ್ಲರೂ ಒಂಟೆ ಬಿಸಾಕುತ್ತಿದ್ದರು. ಲಾರಿ ಡ್ರೈವರ್ ಲಿಂಗರಾಜ್ ಅಂತೂ ಎದುರಿನ ಕುದುರೆ ಎಫ್-6ರಲ್ಲಿ ಕಾವಲು ಕೂತಿದ್ದಾಗಲೇ ಕೊಟ್ಟ. ಆ ಕುದುರೆ ಒಂಟೆಯನ್ನು ಸುಮ್ಮನೆ ತಿಂದುಹಾಕಿತು. ಆಮೇಲೆ ಎದುರಾಳಿ ಮೈಮರೆತು ಮಂತ್ರಿ ಕಳೆದುಕೊಂಡ, ಲಿಂಗರಾಜ್ ಗೆದ್ದ, ಮಿರ್ಚಿ ತಿಂದು ತೇಗಿದ. ಥೂ, ಇದೂ ಒಂದು ಆಟವೇ!

ಈಶ್ವರ್ ಹೇಳಿ ಹೇಳಿ ಸುಸ್ತಾಗಿದ್ದ. ಮೂರು ಪ್ರಶ್ನೆ ಕೇಳಿಕೊಳ್ಳಿ ಅನ್ನುತ್ತಿದ್ದ. ನಮ್ಮ ಕುದುರೆ ಜಿ-5ಕ್ಕೆ ಬಂದು ಚೆಕ್ ಕೊಟ್ಟರೆ ಮುಂದೇನು? ಮಂತ್ರಿ ಎಚ್-5ಕ್ಕೆ ಬರಲು ದಾರಿ ಇದೆಯೇ? ಎಚ್-7ನ್ನು ಮತ್ತೆ ಕಾಯಲು ಅವನ ಕುದುರೆಯೋ ಒಂಟೆಯೋ ಬರಬಲ್ಲದೇ? ಕೇಳುವವರ ಕಣ್ಣು ಬಾಣಲೆಯ ಮೇಲೇ ಇರುತ್ತಿತ್ತು. ಬರಬರುತ್ತ ಅವನಿಗೆ ಎಚ್-7ರತ್ತ ಯಾರ ಒಂಟೆ ತಿರುಗಿದರೂ ಓಕರಿಕೆ ಬರುವಂತಾಯಿತು. ತಾನು ಮಾತ್ರ ಜನ್ಮದಲ್ಲಿ ಆ ಬಲಿ ಕೊಟ್ಟವನಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಈ ವರ್ಷ ಜಿಲ್ಲಾ ತಂಡದ ಆಯ್ಕೆ ಕಮಲಾಪುರದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಹದಿನಾರು ವರ್ಷದಿಂದ ಈಶ್ವರ್ ಕಾದಿದ್ದು ಆ ತಂಡದ ಒಂದು ಕುರ್ಚಿಗೆ. ಕೊನೆಯ ಸುತ್ತಿನ ಹೊತ್ತಿಗೆ ಉಳಿದದ್ದು ಒಂದೇ ಜಾಗ. ಎದುರಿಗೆ ಕಂಪ್ಲಿಯ ರೈಸ್ ಮಿಲ್ ಸಾಹುಕಾರ ಹಾಲಸ್ವಾಮಿ, ಅರ್ಧ ಅಂಕ ಮುಂದಿದ್ದವರು. ಡ್ರಾ ಆದರೆ ಜಾಗ ಅವರದು. ಈಶ್ವರ್ ಗೆಲ್ಲಲೇಬೇಕು.

ಬಿಳಿ ಕಾಯಿ ಈಶ್ವರನವು. ಹದಿಮೂರನೇ ನಡೆಗೆ ಹಲಗೆ ಆ ಬಲಿಗೆ ತಾನಾಗಿಯೇ ಬಾಯಿ ಬಿಟ್ಟಿತ್ತು. ಅವನ ಒಂಟೆ ಡಿ-3ರಿಂದ ನೇರ ಎಚ್-7 ನೋಡುತ್ತಿತ್ತು. ಇ-5ರ ಪೇದೆ, ಎದುರಿನ ಕುದುರೆ ಎಫ್-6ಕ್ಕೆ ಕಾಲಿಡದಂತೆ ತಡೆದಿತ್ತು. ಎದುರಿನವರ, ಬಿಳಿ ಮನೆಗಳಲ್ಲಿ ಓಡಾಡುವ ಒಂಟೆ ತನ್ನದೇ ಪೇದೆಗಳ ಹಿಂದೆ ಸಿಕ್ಕಿಬಿದ್ದಿತ್ತು. ಈಶ್ವರ್ ಮೊದಲ ಪ್ರಶ್ನೆ ಕೇಳಿಕೊಂಡ. ಒಂಟೆ ಬಲಿ ಕೊಟ್ಟು ಕುದುರೆ ಜಿ-5ಕ್ಕೆ ಹೋದರೆ? ಇ-7ರ ಕರಿ ಒಂಟೆ ತಿನ್ನುತ್ತದೆ. ಮುಗಿಯಿತು. ಅಷ್ಟರಲ್ಲೇ ಮೂಗಿಗೆ ಎಣ್ಣೆಯ ವಾಸನೆ ಬಡಿದಂತಾಗಿ, ಛೀ, ನಾನೇನು ಲಿಂಗರಾಜನೇ ಅಂದುಕೊಂಡು ತಾನೂ ಕ್ಯಾಸ್ಲಿಂಗ್ ಮಾಡಿ ರಾಜನನ್ನು ಭದ್ರ ಮಾಡಿದ. ನಲವತ್ತು ನಡೆ ಎಳೆದಾಡಿದ ಮೇಲೆ ಆಟ ಡ್ರಾ ಆಯಿತು.

ಕೈ ಕುಲುಕಿದ ಹಾಲಸ್ವಾಮಿ ಎದ್ದು ಹೋಗಲಿಲ್ಲ. ಕಾಯಿಗಳನ್ನು ಹದಿಮೂರನೇ ನಡೆಗೆ ಮತ್ತೆ ಜೋಡಿಸಿದರು.

"ಇಲ್ಲಿ ಯಾಕ ಬಿಟ್ರಿ ಈಶ್ವರಣ್ಣ? ನಾ ಬೆವತ್ ಹೋಗಿದ್ದೆ."

ಕುದುರೆಯನ್ನು ಒಂಟೆ ತಿನ್ನುತ್ತಿತ್ತಲ್ಲ ಸಾಹುಕಾರ್ರೇ ಎಂದ ಈಶ್ವರ್.

"ತಿಂತಿತ್ತು. ತಿಂದ ಮ್ಯಾಲೆ ಏನು ಅಂತ ನೋಡಿದ್ರೇನು?"

ಅವರು ಈಶ್ವರನ ಎಚ್-4ರ ಪೇದೆಯಿಂದ ಆ ಒಂಟೆಯನ್ನು ಹೊಡೆದು ತೋರಿಸಿದರು. ಪೇದೆ ಪಕ್ಕಕ್ಕೆ ಸರಿದದ್ದೇ ತಡ, ಎಚ್-1ರ ಮೂಲೆಯಲ್ಲಿ ಅಲುಗಾಡದೆ ನಿಂತಿದ್ದ ಅವನದೇ ಆನೆಗೆ ದಾರಿ ತೆರೆದು, ಬಲಿಯ ಒಂಟೆಯನ್ನು ತಿಂದು ಎಚ್-7ಕ್ಕೆ ಬಂದ ರಾಜನಿಗೆ ನೇರ ಚೆಕ್. ರಾಜ ಜಿ-8ಕ್ಕೆ ಹಿಂದೆ ಸರಿದರೆ ಮಂತ್ರಿ ಎಚ್-5ಕ್ಕೆ. ಮುಂದಿನ ಏಟು ಎಚ್-8ರಲ್ಲಿ ಮೇಟ್. ಎಫ್ ಪೇದೆ ಸರಿಸಿ ಕಿಂಡಿ ಮಾಡಿಕೊಂಡರೆ, ಜಿ-5ರ ಪೇದೆ ಜಿ-6ಕ್ಕೆ ಬಂದು ಅದನ್ನೂ ಮುಚ್ಚುತ್ತದೆ. ಕ್ಯಾಸ್ಲಿಂಗ್ ಮಾಡಿ ಆ ಆನೆಯನ್ನು ಅಲ್ಲಿಂದ ಎತ್ತಿ ಹಾಕಿದ್ದು ಬೇರೆ ಯಾರೂ ಅಲ್ಲ, ಈಶ್ವರನೇ.

ಬರುವ ವರ್ಷದಿಂದ ಆಯ್ಕೆಗೆ ವಯಸ್ಸಿನ ಮಿತಿ ಇಡುತ್ತಾರಂತೆ, ನಲವತ್ತೈದು. ಈಶ್ವರನಿಗೆ ಆಗಲೇ ನಲವತ್ತಾರು.

ಅಂದು ಸಂಜೆ ಅವನು ಅಂಗಡಿಗೆ ಬಂದ. ಏನಾಯಿತು ಅಂತ ಜಂಬುನಾಥ ಕೇಳಿದ. ಲಿಂಗರಾಜ್ ಹಲಗೆಯಿಂದ ತಲೆ ಎತ್ತಿದ.

"ಒಂಟಿ ಕೊಡಬೇಕಿತ್ತು," ಎಂದ ಈಶ್ವರ್. "ನಾ ಕೊಡ್ಲಿಲ್ಲ."

ಜಂಬುನಾಥ ಒಂದು ಪ್ಲೇಟ್ ಬಿಸಿ ಮಿರ್ಚಿ ತಂದು ಅವನ ಮುಂದಿಟ್ಟ. ಈಶ್ವರ್ ಒಂದು ತುಂಡು ಬಾಯಿಗಿಟ್ಟ, ಪ್ಲೇಟನ್ನು ಲಿಂಗರಾಜನತ್ತ ಸರಿಸಿದ. ಹದಿನಾರು ವರ್ಷ ಆ ಅಂಗಡಿಯಲ್ಲಿ ಕೂತು ಒಬ್ಬೊಬ್ಬರ ಮುಖಕ್ಕೂ ಥೂ ಅಂದಿದ್ದ. ಈ ಸಲ ಆ ಥೂ ಹೊರಗೆ ಬರದೆ ಒಳಗೇ ಉಳಿಯಿತು, ಅದು ತನಗೇ ಸೇರಿದ್ದು ಎಂದು ಅವನಿಗೆ ಗೊತ್ತಿತ್ತು.