ಹನ್ನೊಂದು ದಿನ ಹಿಂದಕ್ಕೆ

ಗಂಡ ಸತ್ತ ಮೇಲೆ ಪ್ರೆಸ್ಸಿನ ಸಾಹುಕಾರ ಗಂಡನ ಕುರ್ಚಿಯನ್ನು ಅವಳಿಗೆ ಕೊಟ್ಟ. ಪುಕ್ಕಟೆ ಏನಲ್ಲ. ಈ ಸಲದ ಗೋಡೆ ಕ್ಯಾಲೆಂಡರ್ ಸರಿಯಾಗಿ ಬಂದರೆ ಕುರ್ಚಿ ಅವಳದು, ಇಲ್ಲದಿದ್ದರೆ ಮತ್ತೆ ಬೈಂಡಿಂಗ್ ಕೋಣೆ, ಅಂಟಿನ ಡಬ್ಬ.

ಹಬ್ಬಗಳನ್ನು ತಾರೀಖಿಗೆ ಕೂರಿಸುವುದು ಗಂಡನ ಕೆಲಸವಾಗಿತ್ತು. ಪ್ರೂಫ್ ಹಿಡಿದು ಪಂಚಾಂಗದ ಅಜ್ಜನ ಮನೆಗೆ ಹೋದರೆ ಮಧ್ಯಾಹ್ನ ಕಳೆದೇ ಬರುತ್ತಿದ್ದ. ಅದು ಟೀ ಕುಡಿಯುವ ನೆಪ ಅಂತಲೇ ಅವಳು ತಿಳಿದಿದ್ದಳು. ಅಡುಗೆಮನೆ ಬಾಗಿಲ ಹಿಂದೆ ಒಂದರ ಮೇಲೊಂದು ಮೂರು ವರ್ಷದ ಕ್ಯಾಲೆಂಡರ್ ನೇತಾಡುತ್ತಿದ್ದವು. ತೆಗೆದು ನೋಡಿದಳು. ಯುಗಾದಿ ಏಪ್ರಿಲ್ ಹದಿಮೂರು, ಆಮೇಲೆ ಏಪ್ರಿಲ್ ಎರಡು, ಆಮೇಲೆ ಮಾರ್ಚ್ ಇಪ್ಪತ್ತೆರಡು. ಪ್ರತಿ ಸಲ ಹನ್ನೊಂದು ದಿನ ಹಿಂದಕ್ಕೆ. ಇಷ್ಟಕ್ಕೆ ಇಷ್ಟು ವರ್ಷ ಜಂಬ ಕೊಚ್ಚಿದನಲ್ಲ ಈ ಮಹಾರಾಯ ಅಂತ ನಕ್ಕು, ಮಾರ್ಚ್ ಹನ್ನೊಂದಕ್ಕೆ ಯುಗಾದಿ ಕೂರಿಸಿದಳು. ಹಿಂದಿನ ದಿನವೇ ಅಮಾವಾಸ್ಯೆ. ಚಂದ್ರನೇ ಸಾಕ್ಷಿ ಹೇಳಿದ ಮೇಲೆ ಅಜ್ಜನ ಹಂಗೇಕೆ?

ಪ್ರೂಫ್ ತೋರಿಸಲು ಯಾರೂ ಬರಲಿಲ್ಲವೆಂದು ಅಜ್ಜನೇ ಕೋಲೂರಿಕೊಂಡು ಪ್ರೆಸ್ಸಿಗೆ ಬಂದ. ಮಾರ್ಚ್ ಹಾಳೆ ಆಗಲೇ ಮೆಷಿನ್ ಮೇಲೆ ಓಡುತ್ತಿತ್ತು. ಒಂದು ಹಾಳೆ ಎತ್ತಿ ಕಣ್ಣಿಗೆ ಹಿಡಿದ.

"ಅಮಾವಾಸ್ಯೆ ಸರಿ ಇದೆ ತಂಗಿ. ತಿಂಗಳು ತಪ್ಪು. ಇದು ಫಾಲ್ಗುಣ. ಚೈತ್ರ ಇನ್ನೂ ಬಂದಿಲ್ಲ."

ಚಂದ್ರನ ಹನ್ನೆರಡು ತಿಂಗಳು ಸೂರ್ಯನ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಮೊದಲೇ ಮುಗಿದುಬಿಡುತ್ತವೆ, ಅದಕ್ಕೇ ಹಬ್ಬ ಹಿಂದೆ ಸರಿಯುವುದು ಎಂದ. ಹಾಗೇ ಬಿಟ್ಟರೆ ಯುಗಾದಿ ಒಂದು ದಿನ ಚಳಿಗಾಲಕ್ಕೆ ಹೋಗಿ ಗಡಗಡ ನಡುಗುತ್ತ ಕೂತೀತು. ಕೊರತೆ ಒಂದು ತಿಂಗಳಷ್ಟಾದಾಗ ಒಂದು ಅಧಿಕ ಮಾಸ ಸೇರುತ್ತದೆ, ಹಬ್ಬ ಮತ್ತೆ ಮುಂದಕ್ಕೆ ಜಿಗಿಯುತ್ತದೆ. ಈ ಸಲ ಏಪ್ರಿಲ್ ಒಂಬತ್ತು.

"ಈ ಮಳೆಗಾಲದಲ್ಲೇ ಬಂದು ಹೋಯ್ತಲ್ಲ ಅಧಿಕ ಮಾಸ. ಗೊತ್ತಾಗಲಿಲ್ವಾ?"

ಆ ಮಳೆಗಾಲವೆಲ್ಲ ಅವಳು ಆಸ್ಪತ್ರೆಯ ಬೆಂಚಿನ ಮೇಲಿದ್ದಳು.

"ಅವರು ಹೋಗಿದ್ದು ಆ ಮಳೆಗಾಲದಲ್ಲೇ ಅಜ್ಜ. ಯಾವ ತಿಂಗಳು ಅಂತ ನಾನು ಯಾರನ್ನೂ ಕೇಳ್ಲಿಲ್ಲ."

ಅಜ್ಜ ಕೋಲಿನ ತುದಿ ನೋಡುತ್ತ ಕೂತ. ಸಾಹುಕಾರ ಇನ್ನೂ ಬಂದಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಮಾರ್ಚ್‌ವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಊರವರಿಗೆ ಒಂದು ಹಬ್ಬ ಮೊದಲೇ ಸಿಕ್ಕರೆ ನಷ್ಟವೇನು ಅಂತ ಒಂದು ಗಳಿಗೆ ಅನಿಸಿದ್ದೂ ಸುಳ್ಳಲ್ಲ. ಆದರೆ ಕ್ಯಾಲೆಂಡರಿನ ಕೆಳಗೆ ಈಗಲೂ ಗಂಡನ ಹೆಸರೇ ಅಚ್ಚಾಗುತ್ತಿತ್ತು. ತೆಗೆಯುವುದು ಯಾರಿಗೂ ನೆನಪಾಗಿರಲಿಲ್ಲ, ಅವಳು ನೆನಪಿಸಿಯೂ ಇರಲಿಲ್ಲ. ಎದ್ದು ಹೋಗಿ ಮೆಷಿನ್ನಿನ ಸ್ವಿಚ್ ಆರಿಸಿದಳು.

ಸಾಹುಕಾರ ಬಂದು ಹಾಳಾದ ಹಾಳೆಗಳ ರಾಶಿ ನೋಡಿ ಅವಳ ಏಳು ತಲೆಮಾರನ್ನೂ ಜಾಲಾಡಿದ. ಅವಳು ತಲೆ ತಗ್ಗಿಸಲಿಲ್ಲ.

"ತಪ್ಪು ನಂದೇ. ಬೈಂಡಿಂಗಿಗೆ ಹೋಗ್ತೀನಿ. ಹೆಸರು ಮಾತ್ರ ಹಂಗೇ ಇರ್ಲಿ. ಅವರು ಇಂಥಾ ತಪ್ಪು ಮಾಡ್ತಿರಲಿಲ್ಲ."

ಸಾಹುಕಾರ ಹೆಸರನ್ನು ಹಾಗೇ ಇರಲು ಬಿಟ್ಟ, ಕುರ್ಚಿ ಕಿತ್ತುಕೊಂಡ. ಸಂಜೆಯಾಗುವ ಹೊತ್ತಿಗೆ ಅವಳ ಕೈತುಂಬ ಅಂಟು.