ಗುಮಾಸ್ತರು ಕೇಳದ ರಸೀದಿ

ಜನವರಿ ಬಂತೆಂದರೆ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಪಾಠದ ಮಾತೇ ಇರುವುದಿಲ್ಲ. ಫೆಬ್ರುವರಿ ಸಂಬಳದ ಬಿಲ್ಲಿಗೆ ಮೊದಲು ಟ್ಯಾಕ್ಸಿನ ಲೆಕ್ಕ ಮುಗಿಯಬೇಕು. ನಾನು ಯಲಬುರ್ಗಾದಲ್ಲಿ ಗಣಿತ ಕಲಿಸುವವನು, ಮನೆ ಕೊಪ್ಪಳದಲ್ಲಿ. ಆ ಮನೆಗೆ ಸಾಲ ಮಾಡಿ ಆರು ವರ್ಷ. ಪ್ರತಿ ವರ್ಷ ಸಾಲದ ಬಡ್ಡಿಯ ಸರ್ಟಿಫಿಕೇಟು, ಇನ್ಶೂರೆನ್ಸ್ ರಸೀದಿ ಎಲ್ಲ ಝೆರಾಕ್ಸ್ ಮಾಡಿಸಿ ಗುಮಾಸ್ತರ ಮುಂದೆ ಇಡುತ್ತಿದ್ದೆ.

ಈ ಸಲ ಅವರು ಕಾಗದಗಳನ್ನು ಮುಟ್ಟಲೇ ಇಲ್ಲ.

"ಸರ್ರ, ಇವನ್ನ ಮನೀಗೆ ಒಯ್ರಿ. ನಿಮ್ಮ ಸಂಬಳ ಹನ್ನೆರಡು ಲಕ್ಷ ನಲವತ್ತು ಸಾವಿರ. ಹಳೇ ಟ್ಯಾಕ್ಸ್ ಪದ್ಧತಿಯೊಳಗ ಬಡ್ಡಿ ಎರಡು ಲಕ್ಷ ತೆಗದ್ರೂ, ಸಾಲದ ಅಸಲು, ಪಾಲಿಸಿ ಕೂಡಿ ಒಂದೂವರೆ ಲಕ್ಷ ತೆಗದ್ರೂ, ದವಾಖಾನಿ ಇನ್ಶೂರೆನ್ಸ್ ಕಳದ್ರೂ, ಎಪ್ಪತ್ತೆಂಟು ಸಾವಿರ ಟ್ಯಾಕ್ಸ್ ಬೀಳತೈತಿ. ಹೊಸಾದ್ರಾಗ ಇವ್ಯಾವೂ ನಡಿಯಂಗಿಲ್ಲ. ಬರೇ ಎಪ್ಪತ್ತೈದು ಸಾವಿರ ಕಳೀತಾರ. ಆದ್ರ ಉಳಿದದ್ದು ಹನ್ನೆರಡು ಲಕ್ಷದ ಒಳಗ ಬಂತಲ್ಲ, ಟ್ಯಾಕ್ಸ್ ಸೊನ್ನೆ!"

ನಾನೂ ಎರಡು ಸಲ ಕೂಡಿ ಕಳೆದು ನೋಡಿದೆ. ಸೊನ್ನೆಯೇ. ಹೊಸದಕ್ಕೆ ಸಹಿ ಹಾಕಿದೆ. ಅಲ್ಲಿಗೆ ನಿಂತಿದ್ದರೆ ಛಲೋ ಇತ್ತು, ಆದರೆ ಗಣಿತದ ಮೇಷ್ಟ್ರ ಬುದ್ಧಿ ನೋಡಿ, ಮುಂದಿನ ಹೆಜ್ಜೆ ಇಟ್ಟಿತು. ಸಾಲದ ಕಂತು ಬಿಡುವ ಹಾಗಿಲ್ಲ, ಬ್ಯಾಂಕಿನವರು ಬಿಡುವುದಿಲ್ಲ. ಆದರೆ ಈ ಪಾಲಿಸಿ? ಮನೆಸಾಲ ಮಾಡಿದಾಗ ಅಷ್ಟೇ ಮೊತ್ತಕ್ಕೆ ಮಾಡಿಸಿದ ಟರ್ಮ್ ಪಾಲಿಸಿ. ನಾನು ಸತ್ತರೆ ಹಣ, ಬದುಕಿದರೆ ಒಂದು ಪೈಸೆಯೂ ಇಲ್ಲ. ಟ್ಯಾಕ್ಸೂ ಉಳಿಯದ ಮೇಲೆ ಇದನ್ನು ಯಾಕೆ ಕಟ್ಟಬೇಕು? ಜನವರಿ ಕೊನೆಗೆ ಕಟ್ಟಬೇಕಿದ್ದ ಪಾಲಿಸಿಯ ಕಂತು ಕಟ್ಟಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಎಂಥ ಶಾಣ್ಯಾತನ!

ಫೆಬ್ರುವರಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಬಸ್ಸು ಕುಕನೂರು ದಾಟಿತ್ತು. ಎದೆಯ ನಡುವೆ ಹಿಂಡಿದ ಹಾಗಾಯಿತು. ಗ್ಯಾಸ್ ಇರಬೇಕು ಅಂದುಕೊಂಡೆ. ತಳಕಲ್ ಬರುವಷ್ಟರಲ್ಲಿ ಎಡಗೈ ಜೋಮು ಹಿಡಿದು ಅಂಗಿಯೆಲ್ಲ ಬೆವರು. ಆಗ ನೆನಪಾಯಿತು, ಬೆಳಿಗ್ಗೆ ಬಂದ ಮೆಸೇಜು: ಕಂತಿನ ಮೂವತ್ತು ದಿನದ ಗಡುವು ಇವತ್ತಿಗೆ ಕೊನೆ. ಆಮೇಲೆ ಪಾಲಿಸಿ ಮತ್ತೆ ಜೀವ ಹಿಡಿಯಬೇಕೆಂದರೆ ಆರೋಗ್ಯದ ವಿವರ ಕೊಡಬೇಕು. ಹೃದಯ ಕೆಟ್ಟವನಿಗೆ ಯಾರು ಕೊಡುತ್ತಾರೆ? ನನಗೆ ಅಂಜಿಕೆ ಹತ್ತಿತು. ಸಾಯುವುದಕ್ಕಿಂತ, ಇವತ್ತು ಬದುಕಿ ನಾಳೆ ಸಾಯುವುದರ ಅಂಜಿಕೆ. ಗಡುವಿನೊಳಗೆ ಇವತ್ತು ಸತ್ತರೆ ಪಾಲಿಸಿಯ ಹಣ ಬರುತ್ತದೆ, ನಾಳೆ ಸತ್ತರೆ ಇಲ್ಲ. ಸಾಲ ಇನ್ನೂ ಹದಿನಾಲ್ಕು ವರ್ಷ. ಮನೆ ಯಾರ ಪಾಲು? ಅವಳೂ ಮಗಳೂ ಎಲ್ಲಿಗೆ ಹೋಗಬೇಕು?

ಬಸ್ಸಿನಿಂದಲೇ ಹೆಂಡತಿಗೆ ಫೋನ್ ಮಾಡಿದೆ. ನಾನು ಕೊಪ್ಪಳದ ದವಾಖಾನೆ ಮುಟ್ಟಿದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ನರ್ಸು ಇಸಿಜಿಗೆ ಕರೆದರು. ನಾನು ಬೆಂಚಿನ ಮೇಲೆ ಕೂತು ಫೋನು ಒತ್ತುತ್ತಿದ್ದೆ. ಪಿನ್ ಎರಡು ಸಲ ತಪ್ಪಿತು.

"ರೀ, ಒಳಗ ಕರೀಲಿಕ್ಕತ್ಯಾರ, ಏನ್ ಮಾಡಾಕ್ಕತ್ತೀರಿ?"

"ತಡಿ, ಇಸಿಜಿ ಮಾಡೂಕಿಂತ ಮೊದಲ ಇದನ್ನ ಕಟ್ಟಬೇಕು." ಉಸಿರು ಹಿಡಿದು ಹಿಡಿದು ಎಲ್ಲ ಹೇಳಿದೆ.

ಬೈಯುತ್ತಾಳೆ ಅಂದುಕೊಂಡೆ. ಫೋನು ಕಸಿದುಕೊಂಡು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ಹುಚ್ಚ ಹಿಡದೈತೇನು ನಿಮಗ? ಮನಿ ಹೋದ್ರ ಹೋಗ್ಲಿ, ಮೊದಲ ಒಳಗ ನಡೀರಿ."

ಎದೆಗೆ ತಂತಿ ಅಂಟಿಸಿಕೊಂಡು ಮಲಗಿದ್ದಾಗ ಗೋಡೆಯ ಗಡಿಯಾರ ನೋಡಿದ ಹಾಗೆ ಜೀವನದಲ್ಲಿ ಯಾವ ಗಡಿಯಾರವನ್ನೂ ನೋಡಿಲ್ಲ. ಇಸಿಜಿ ನೋಡಿದ ಡಾಕ್ಟರು ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಕತ್ತಲಾಗುವ ಹೊತ್ತಿಗೆ ಬಂದು, "ಹಾರ್ಟಿಂದು ಏನೂ ಕಾಣಂಗಿಲ್ಲ. ಆಸಿಡಿಟಿ ಇರಬೇಕು. ಆದ್ರೂ ಮುಂದಿನ ವಾರ ಇನ್ನೊಮ್ಮೆ ತೋರಿಸ್ರಿ," ಎಂದರು. ನಾನು ಮಗುವಿನ ಹಾಗೆ ಅತ್ತುಬಿಟ್ಟೆ.

ಹೊರಗೆ ಅವಳು ಅದೇ ಬೆಂಚಿನ ಮೇಲೆ ಕೂತಿದ್ದಳು. ಪಿನ್ ನಮ್ಮ ಮಗಳು ಹುಟ್ಟಿದ ವರ್ಷವೆಂದು ಅವಳಿಗೆ ಗೊತ್ತಿತ್ತು. ಕಂತು ಕಟ್ಟಿದ್ದಳು. ರಸೀದಿ ಪರದೆಯ ಮೇಲೆ ಇನ್ನೂ ಇತ್ತು.

"ಇದನ್ನ ಸಾಲ್ಯಾಗ ಯಾರಿಗೆ ಕೊಡಬೇಕ್ರಿ?"

"ಈ ವರ್ಷ ಯಾರೂ ಕೇಳಂಗಿಲ್ಲ. ಹೊಸ ಪದ್ಧತಿಗೆ ಇದು ಬೇಕಾಗಿಲ್ಲ."

ಐದು ವರ್ಷ ಈ ರಸೀದಿಯ ನಕಲು ತಪ್ಪದೆ ಗುಮಾಸ್ತರ ಕೈಸೇರಿತ್ತು. ಅವಳಿಗೆ ಒಮ್ಮೆಯೂ ತೋರಿಸಿರಲಿಲ್ಲ.

"ಹಂಗಾದ್ರ ನನಗ ಕೊಡ್ರಿ," ಎಂದಳು.