ಕಾಸಿನ ಮಿಸ್ಸಿನ ಒಂದು ವಾರದ ಲೆಕ್ಕ

ಒಂಬತ್ತನೇ ತರಗತಿಯ ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಕಾಸಿನ ಮಿಸ್. ಎದುರಿಗಲ್ಲ, ಬೆನ್ನ ಹಿಂದೆ. ಮಿಸ್ಸಿಗೆ ಅದು ಗೊತ್ತಿತ್ತು, ಗೊತ್ತಿಲ್ಲದವರಂತೆ ಇದ್ದರು. ಇಷ್ಟು ವರ್ಷ ಬೋರ್ಡಿನ ಮುಂದೆ ನಿಂತವರಿಗೆ ಇಂಥದ್ದಕ್ಕೆಲ್ಲ ಸಿಟ್ಟು ಮಾಡಿಕೊಳ್ಳುವ ತ್ರಾಣ ಎಲ್ಲಿಂದ ಬರಬೇಕು ಹೇಳಿ! ಸಾಲದ್ದಕ್ಕೆ ಹೆಡ್‌ಮಾಸ್ಟರು ಈ ವರ್ಷ ಹೊಸದೊಂದು ಪಾಠವನ್ನೂ ಅವರ ತಲೆಗೇ ಕಟ್ಟಿದ್ದರು. ಪಾಕೆಟ್ ಮನಿಯನ್ನು ಹೇಗೆ ಹಂಚಿಕೊಳ್ಳಬೇಕು, ಖರ್ಚಿನ ಲೆಕ್ಕ ಹೇಗೆ ಇಡಬೇಕು ಅನ್ನುವುದು. ಅದೂ ಶುಕ್ರವಾರದ ಕಡೇ ಪೀರಿಯಡ್ಡು. ಮಕ್ಕಳ ಮನಸ್ಸು ಆಗಲೇ ಗೇಟು ದಾಟಿರುತ್ತದೆ, ಮಿಸ್ಸಿನ ಹಿಮ್ಮಡಿ ಉರಿಯುತ್ತಿರುತ್ತದೆ.

ಆದರೂ ಪಾಠವನ್ನು ಕಾಟಾಚಾರಕ್ಕೆ ಮಾಡಿದವರಲ್ಲ. ಕೈಗೆ ಬಂದ ದುಡ್ಡನ್ನು ಮೊದಲು ಬರೆಯಿರಿ. ಉಳಿಸಬೇಕಾದ್ದನ್ನು ಮೊದಲೇ ತೆಗೆದಿಡಿ, ಕೊನೆಗೆ ಉಳಿದರೆ ಉಳಿಸೋಣ ಅಂದರೆ ಬೆಕ್ಕನ್ನು ಹಾಲು ಕಾಯಲು ಬಿಟ್ಟ ಹಾಗೆ. ಆಮೇಲೆ ಬೇಕೇಬೇಕಾದ ಖರ್ಚು, ಅದಾದ ಮೇಲೆ ಆಸೆಯ ಖರ್ಚು. ಖರ್ಚಾದ ದಿನವೇ ಬರೆಯಿರಿ, ಚಾಕಲೇಟಾದರೂ ಸರಿ. ವಾರದ ಕೊನೆಗೆ ಅಂದುಕೊಂಡದ್ದೆಷ್ಟು, ಆದದ್ದೆಷ್ಟು ಅಂತ ಅಕ್ಕಪಕ್ಕ ಇಟ್ಟು ನೋಡಿ, ಅದರ ಮೇಲೆ ಮುಂದಿನ ವಾರದ್ದನ್ನು ತಿದ್ದಿಕೊಳ್ಳಿ. ಪಾಕೆಟ್ ಮನಿ ಸಾಲದೇ ಹೋದರೆ ಗೋಗರೆಯಬೇಡಿ, ಮುನಿಸಿಕೊಳ್ಳಬೇಡಿ. ಬರೆದಿಟ್ಟ ಲೆಕ್ಕವನ್ನು ಕೊಡುವವರ ಮುಂದಿಟ್ಟು ಕೂತು ಮಾತಾಡಿ. ಇಷ್ಟೇ ಪಾಠ.

ತಪ್ಪಾದದ್ದು ಒಂದೇ ಕಡೆ. ಒಂದು ವಾರದ ಲೆಕ್ಕ ಬರೆದು ತನ್ನಿ, ಸರಿಹೊಂದಿದರೆ ಪೂರ್ತಿ ಅಂಕ ಎಂದುಬಿಟ್ಟಿದ್ದರು. ಸರಿ, ವಾರ ಕಳೆದು ಶುಕ್ರವಾರ ಬಂದ ಹಾಳೆಗಳಲ್ಲಿ ಒಂದೂ ತಪ್ಪಿಲ್ಲ! ಇಡೀ ತರಗತಿಯ ಲೆಕ್ಕ ಬಿಡಿಕಾಸಿನವರೆಗೆ ತಾಳೆ. ಪ್ರತಿ ಹಾಳೆಯಲ್ಲೂ ಏಳು ದಿನಕ್ಕೂ ಒಂದೇ ಶಾಯಿ, ಒಂದೇ ಓಟದ ಬರವಣಿಗೆ. ಮಿಸ್ಸು ಹಾಳೆಗಳನ್ನು ಮೇಜಿನ ಮೇಲೆ ಹಾಕಿ ಕುರ್ಚಿಯಲ್ಲಿ ಕುಸಿದರು.

"ಎಲ್ಲಾ ನಿನ್ನೆ ರಾತ್ರಿ ಕೂತು ಬರ್ದಿದ್ದು ತಾನೆ? ಮೊದ್ಲು ಮೊತ್ತ ಹಾಕ್ಕೊಂಡು, ಆಮೇಲೆ ಖರ್ಚು ಹುಟ್ಟಿಸಿದ್ದೀರ."

ಕಡೇ ಬೆಂಚಿನ ಹುಡುಗ ಎದ್ದು ನಿಂತ. ಎಲ್ಲದಕ್ಕೂ ವಾದ ಹೂಡುವುದರಿಂದ ಅವನನ್ನು ವಕೀಲ ಅಂತಲೇ ಎಲ್ಲರೂ ಕರೆಯುತ್ತಿದ್ದರು.

"ಮಿಸ್, ಹೆಂಗೆ ಗೊತ್ತಾಯ್ತು?"

"ನಿಜವಾದ ಲೆಕ್ಕ ಇಷ್ಟು ಚಂದ ಇರಲ್ಲ ಕಣೋ. ಎಲ್ಲೋ ಒಂದು ಕಡೆ ಸಿಕ್ಕಲ್ಲ. ಸಿಗದೇ ಇದ್ರೆ 'ಲೆಕ್ಕ ಸಿಗಲಿಲ್ಲ' ಅಂತ್ಲೇ ಬರೀಬೇಕು. ಅಂಕದ ಆಸೆ ತೋರ್ಸಿದ್ದು ನಂದೇ ತಪ್ಪು, ಇನ್ಮೇಲೆ ತಾಳೆಗೆ ಅಂಕ ಇಲ್ಲ. ದಿನಾ ಬರ್ದಿದ್ದಕ್ಕೆ ಅಂಕ."

"ನೀವು ಬರೀತೀರಾ ಮಿಸ್?"

ತರಗತಿ ಕಿಸಕ್ಕೆಂದಿತು. ಮಿಸ್ಸಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಇಲ್ಲ. ಈ ವಾರ ಬರೀತೀನಿ. ನಿಮ್ದೇ ಹಾಳೇಲಿ."

ಮಾತು ಬಾಯಿಂದ ಜಾರಿತು. ಆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತರೆ, ಮೊದಲನೇ ಸಾಲಿನಲ್ಲೇ ಪೆನ್ನು ನಿಂತಿತು. ಕೈಗೆ ಬಂದ ದುಡ್ಡು. ಏನು ಬರೆಯಬೇಕು? ಸಂಬಳವನ್ನೇ? ಸಂಬಳ ಅವರ ಕೈಗೆ ಬಂದದ್ದು ಯಾವಾಗ? ಮದುವೆಯಾದ ಹೊಸದರಲ್ಲಿ ಯಜಮಾನರು, "ಬ್ಯಾಂಕಿನ ತಲೆನೋವು ನಿಂಗ್ಯಾಕೆ, ನಾನು ನೋಡ್ಕೋತೀನಿ" ಅಂದಿದ್ದರು. ಹೊಸ ಮನೆ, ಹೊಸ ಕೆಲಸ, ಒಂದು ಭಾರ ಇಳಿಯಿತಲ್ಲ ಅಂತ ಇವರೂ ಹಿಗ್ಗಿದ್ದರು. ಅಂದಿನಿಂದ ಸಂಬಳದ ಎಟಿಎಂ ಕಾರ್ಡು ಯಜಮಾನರ ಜೇಬಿನಲ್ಲಿ. ಮನೆಯ ಕಂತು, ಕರೆಂಟು, ದಿನಸಿ ಎಲ್ಲ ಅವರದೇ ಉಸ್ತುವಾರಿ, ಒಂದು ದಿನ ತಪ್ಪಿಸಿದವರಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಬಯ್ಯೋಣವೆಂದರೆ ಒಂದು ನೆಪವೂ ಇಲ್ಲ. ಸೋಮವಾರ ಬೆಳಿಗ್ಗೆ ವಾರದ ಬಸ್ಸಿಗೆ, ಚಹಾಕ್ಕೆ ಅಂತ ಒಂದಿಷ್ಟು ನೋಟನ್ನು ಫ್ರಿಜ್ಜಿನ ಮೇಲೆ ಇಡುತ್ತಿದ್ದರು. ಮಿಸ್ಸು ಆ ಮೊತ್ತವನ್ನೇ ಬರೆದರು. ಬರೆದದ್ದನ್ನು ನೋಡಿದರೆ ಅದಕ್ಕೆ ಒಂದೇ ಹೆಸರು. ಐವತ್ತು ದಾಟಿದ ಹೆಂಗಸಿಗೆ ಪಾಕೆಟ್ ಮನಿ. ಅವರಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಆಗಲೇ ಅಕ್ಕನ ಫೋನು. ಅಕ್ಕ ಎರಡು ಜಿಲ್ಲೆಯಾಚೆ ಮಗಳ ಮನೆಯಲ್ಲಿ, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು.

"ಒಂದ್ಸಲ ಬಂದು ಹೋಗೇ. ಮುಖ ನೋಡಿ ಎಷ್ಟು ದಿನ ಆಯ್ತು."

"ಬರ್ತೀನಕ್ಕ, ಈ ವಾರ ನೋಡ್ತೀನಿ."

ಪ್ರತಿಸಲವೂ ಇದೇ ಮಾತು. ಬಸ್ ಚಾರ್ಜು ಕೇಳಿದರೆ ಯಜಮಾನರು ಇಲ್ಲ ಅನ್ನುತ್ತಿರಲಿಲ್ಲ, "ಕಂತು ಕಟ್ಟಿ ಆಗ್ಲಿ, ಮುಂದಿನ ತಿಂಗಳು ನೋಡೋಣ" ಅನ್ನುತ್ತಿದ್ದರು. ಆ ಮುಂದಿನ ತಿಂಗಳು ಬರುತ್ತಲೇ ಇರಲಿಲ್ಲ. ಮಿಸ್ಸಿಗೆ ಕೇಳಿ ಕೇಳಿ ಸಾಕಾಗಿತ್ತು. ಕೇಳುವುದಕ್ಕಿಂತ ಸುಮ್ಮನಿರುವುದೇ ಸಲೀಸು ಅನ್ನುವ ಕಡೆಗೆ ಬಂದು ನಿಂತಿದ್ದರು.

ವಾರವಿಡೀ ಬರೆದರು. ಬಸ್ಸು, ಚಹಾ, ಹಿಮ್ಮಡಿ ನೋವು ತಡೆಯಲಾರದೆ ಹತ್ತಿದ ಒಂದು ಆಟೋ. ಮುಂದಿನ ಶುಕ್ರವಾರ ಎಲ್ಲವನ್ನೂ, ಆಟೋದ ಪಕ್ಕ 'ಕಾಲು ನೋವು' ಅಂತಲೂ ಸೇರಿಸಿ, ಬೋರ್ಡಿನ ಮೇಲೆ ಇಳಿಸಿದರು. ಅಂದುಕೊಂಡ ಉಳಿತಾಯ, ಅಕ್ಕನ ಊರಿನ ಬಸ್ ಚಾರ್ಜಿನಲ್ಲಿ ಕಾಲು ಭಾಗ. ಆದ ಉಳಿತಾಯ ಸೊನ್ನೆ. ಅದನ್ನು ಆಟೋ ತಿಂದಿತ್ತು. ಕೊನೆಯಲ್ಲಿ ಒಂದು ಸಣ್ಣ ಮೊತ್ತದ ಮುಂದೆ 'ಲೆಕ್ಕ ಸಿಗಲಿಲ್ಲ'.

"ಅಯ್ಯೋ, ಮಿಸ್ಸಿಂದೂ ಸಿಗ್ಲಿಲ್ಲ!" ಎಂದು ಮಕ್ಕಳು ಕುಣಿದರು. ಕೈಗೆ ಬಂದ ದುಡ್ಡು ಅಂತ ಇಷ್ಟು ಕಡಿಮೆ ಮೊತ್ತವನ್ನು ಮಿಸ್ಸು ತಮಗೆ ಅರ್ಥವಾಗಲಿ ಅಂತ ಸುಮ್ಮನೆ ಹಾಕಿಕೊಂಡಿದ್ದಾರೆ ಅಂದುಕೊಂಡಿದ್ದರು. ಮಿಸ್ಸು ತಿದ್ದಲಿಲ್ಲ.

"ಈಗ ಹೇಳಿ. ಈ ಲೆಕ್ಕದವ್ರು ಏನ್ ಮಾಡ್ಬೇಕು?"

ಮುಂದಿನ ಬೆಂಚಿನ ಹುಡುಗಿ, "ಆಟೋ ಬಿಡ್ಬೇಕು ಮಿಸ್" ಅಂದಳು.

"ಕಾಲು ನೋವಿದ್ರೆ ಆಟೋ ಆಸೆ ಖರ್ಚಲ್ಲ ಕಣೇ, ಬೇಕೇಬೇಕಾದ್ದು" ಅಂದ ವಕೀಲ. ಬೋರ್ಡನ್ನು ಮೇಲಿಂದ ಕೆಳಕ್ಕೆ ನೋಡಿದ. "ಇದ್ರಲ್ಲಿ ಕಡಿಮೆ ಮಾಡೋಕೆ ಏನೂ ಇಲ್ಲ ಮಿಸ್. ತಪ್ಪು ಖರ್ಚಲ್ಲಿಲ್ಲ, ಮೇಲಿನ ಸಾಲಲ್ಲಿದೆ. ದುಡ್ಡೇ ಸಾಲಲ್ಲ. ಕೊಡೋರ ಮುಂದೆ ಇಟ್ಟು ಮಾತಾಡ್ಬೇಕು. ನೀವೇ ಹೇಳ್ಕೊಟ್ಟಿದ್ದಲ್ವಾ?"

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಆ ಗಾದೆ ತನಗೇ ಹೊಡೆದ ಹಾಗಾಯಿತು ಮಿಸ್ಸಿಗೆ. "ಕೂತ್ಕೋ, ಪೂರ್ತಿ ಅಂಕ" ಅಂದು ಬೋರ್ಡಿನ ಕಡೆ ತಿರುಗಿದರು. ಕಣ್ಣು ತುಂಬಿದ್ದು ಮಕ್ಕಳಿಗೆ ಕಾಣಬಾರದಾಗಿತ್ತು.

ಸಂಜೆ ಯಜಮಾನರು ಬಂದು ಕೈಕಾಲು ತೊಳೆದು ಕೂತಾಗ ಮಿಸ್ಸು ಹಾಳೆಯನ್ನು ಅವರ ಮುಂದೆ ಇಟ್ಟರು. ಅವರು ಕನ್ನಡಕ ಏರಿಸಿ ಓದಿದರು, ತಿರುಗಿಸಿ ಇನ್ನೊಮ್ಮೆ ಓದಿದರು.

"ಇದೇನೇ ಇದು? ಸಾಲ್ತಾ ಇಲ್ಲ ಅಂತ ಬಾಯ್ಬಿಟ್ಟು ಹೇಳೋದಲ್ವಾ? ಎಷ್ಟು ಜಾಸ್ತಿ ಮಾಡ್ಲಿ?"

"ಜಾಸ್ತಿ ಬೇಡ ರೀ. ಕಾರ್ಡು ಕೊಡಿ."

"ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಇದೆ. ಕೇಳೋಕೆ ಶಕ್ತಿ ಇಲ್ಲ. ಸುಸ್ತಾಗಿದೀನಿ. ಅಕ್ಕನ್ನ ನೋಡೋಕೆ ಹೋಗ್ಬೇಕು, ಅದಕ್ಕೂ ಕೇಳ್ಬೇಕಾ? ಕಂತಿನ ದುಡ್ಡು ಒಂದನೇ ತಾರೀಖೇ ನಿಮ್ಮ ಖಾತೆಗೆ ಹಾಕ್ತೀನಿ. ಮಿಕ್ಕಿದ್ದು ಇಬ್ರೂ ಕೂತು ಬರ್ಕೊಳೋಣ."

ಯಜಮಾನರಿಗೆ ನೋವಾಗಿತ್ತು, ಅದು ಮುಖದ ಮೇಲೆಯೇ ಇತ್ತು. ಮಿಸ್ಸಿಗೂ ಸಂಕಟವಾಯಿತು, ಆದರೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಯಜಮಾನರು ಪರ್ಸು ತೆಗೆದು ಕಾರ್ಡನ್ನು ಮೇಜಿನ ಮೇಲಿಟ್ಟರು. ಅದರ ಮೇಲಿದ್ದದ್ದು ಮಿಸ್ಸಿನ ಹೆಸರು, ಸವೆದು ಅರ್ಧ ಅಳಿಸಿತ್ತು.

"ಪಿನ್ ನಂಬರ್ ಗೊತ್ತೇನೇ ನಿಂಗೆ?"

ಗೊತ್ತಿರಲಿಲ್ಲ. ಇಡೀ ತರಗತಿಗೆ ದುಡ್ಡಿನ ಪಾಠ ಹೇಳಿದವರು ನಾಚಿಕೆಯಿಂದ ತಲೆ ಅಲ್ಲಾಡಿಸಿದರು. ಯಜಮಾನರು ನಿಧಾನವಾಗಿ ನಾಲ್ಕು ಅಂಕಿ ಹೇಳಿದರು. ಮಿಸ್ಸು ಒಪ್ಪಿಸಿದರು, ಮೂರನೆಯದು ತಪ್ಪಿತು, ಅವರು ತಿದ್ದಿದರು. ಮತ್ತೆ ಒಪ್ಪಿಸಿದರು. ಸರಿಬಂತು.

"ಭಾನುವಾರ ಅಕ್ಕನ ಊರಿಗೆ ನಾನೂ ಬರ್ಲಾ?"

"ಬೇಡ" ಅಂದರು ಮಿಸ್ಸು. "ಈ ಸಲ ಒಬ್ಳೇ ಹೋಗ್ಬರ್ತೀನಿ."